ಮೂರನೇ ಸಲ ಕರೆಂಟ್ ಹೋದಾಗಲೂ ನಿಲ್ಲುವ ಯುಪಿಎಸ್: ಗೇಮಿಂಗ್ ಪಿಸಿಗೆ ನಾನು ಹಾಕಿದ ಲೆಕ್ಕ

ನನ್ನ ಗೇಮಿಂಗ್ ಪಿಸಿಯಲ್ಲಿ 750 ವಾಟ್‌ನ ಎಸ್‌ಎಂಪಿಎಸ್ ಇದೆ, ಯಾವ ಯುಪಿಎಸ್ ಹಾಕಲಿ ಎಂದು ಕೇಳಿದಾಗ ಎಲ್ಲರೂ ಕೊಟ್ಟ ಉತ್ತರ ಒಂದೇ: 2 ಕೆವಿಎಗಿಂತ ಕಡಿಮೆ ತಗೋಬೇಡ, ಆಗುವುದಿದ್ದರೆ 3 ಕೆವಿಎ ಹಾಕು. ನಾನು 1500 ವಿಎ, 900 ವಾಟ್‌ನದನ್ನೇ ಹಾಕಿದೆ. ಒಂದೇ ಸಂಜೆ ಮೂರು ಸಲ ಕರೆಂಟ್ ಹೋದ ದಿನಗಳಲ್ಲೂ ಪಿಸಿ ಒಮ್ಮೆಯೂ ಆಫ್ ಆಗಿಲ್ಲ. ಆಗಲ್ಲ ಎಂದವರಲ್ಲಿ ಇಬ್ಬರು ಈಗ ಇದೇ ಲೆಕ್ಕ ಹಾಕಿಕೊಂಡು ತಮ್ಮ ಪಿಸಿಗೂ ಜೋಡಿಸಿಕೊಂಡಿದ್ದಾರೆ. ಆದರೆ ಇಲ್ಲಿಗೆ ಬರುವಷ್ಟರಲ್ಲಿ ಎರಡು ತಪ್ಪು ಯುಪಿಎಸ್ ಕೊಂಡಾಗಿತ್ತು. ಅವೆರಡಕ್ಕೆ ಸುರಿದ ದುಡ್ಡು ಸೇರಿಸಿದರೆ ಈಗಿನದಕ್ಕಿಂತ ಹೆಚ್ಚೇ ಆಗುತ್ತದೆ.

ಎಸ್‌ಎಂಪಿಎಸ್ ಮೇಲೆ ಬರೆದಿರುವ ವಾಟ್‌ನಿಂದ ಲೆಕ್ಕ ಶುರು ಮಾಡಬೇಡಿ. ಅದು ಎಷ್ಟು ಕೊಡಬಲ್ಲದು ಎನ್ನುವುದರ ಅಂಕಿ, ಗೋಡೆಯಿಂದ ಎಷ್ಟು ಎಳೆಯುತ್ತದೆ ಎನ್ನುವುದರದ್ದಲ್ಲ. ಸಾಕೆಟ್‌ಗೂ ಪಿಸಿಗೂ ನಡುವೆ ವಾಟ್ ಮೀಟರ್ ಇಟ್ಟು ನಾನು ಅಳೆದದ್ದು ಹೀಗಿತ್ತು. ಸುಮ್ಮನೆ ಇದ್ದಾಗ 70 ವಾಟ್, ಭಾರಿ ಆಟದಲ್ಲಿ 340ರ ಆಸುಪಾಸು, ಸಿಪಿಯು ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡನ್ನೂ ಸ್ಟ್ರೆಸ್ ಟೆಸ್ಟ್‌ನಲ್ಲಿ ಒಟ್ಟಿಗೆ ದುಡಿಸಿದಾಗ 430. ಕಾರ್ಡ್ 200 ವಾಟ್‌ನದು. ಮಾನಿಟರ್‌ಗೆ 30, ರೌಟರ್‌ಗೆ 10 ಸೇರಿಸಿ. ಅಂದರೆ ಆಟದಲ್ಲಿ ಒಟ್ಟು 380, ಅತಿ ಹೆಚ್ಚೆಂದರೆ 470. ಇದರ ಮೇಲೆ ಕಾಲು ಭಾಗ ಬಿಟ್ಟುಕೊಂಡರೆ ಸುಮಾರು 590 ವಾಟ್. ಕಾರ್ಡ್ ಒಂದು ಕ್ಷಣಕ್ಕೆ ದುಪ್ಪಟ್ಟು ಎಳೆಯುತ್ತದಲ್ಲ ಎಂದು ಕೇಳುವವರಿದ್ದಾರೆ. ಆ ಏರಿಕೆ ಮಿಲಿಸೆಕೆಂಡ್‌ನೊಳಗೆ ಮುಗಿಯುತ್ತದೆ, ಅದರ ಬಹುಪಾಲನ್ನು ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್ ನುಂಗಿಕೊಳ್ಳುತ್ತದೆ.

ವಿಎ ನೋಡಿ ಮೋಸ ಹೋಗುವುದೂ ಇಲ್ಲೇ. ಕರೆಂಟನ್ನು ವೋಲ್ಟೇಜ್‌ನ ಅಲೆಯಂತೆಯೇ ಎಳೆಯುವ ಆಕ್ಟಿವ್ ಪಿಎಫ್‌ಸಿ ಸರ್ಕ್ಯೂಟ್ ಇರುವ ಎಸ್‌ಎಂಪಿಎಸ್‌ನಲ್ಲಿ ವಿಎ ಮತ್ತು ವಾಟ್ ಹೆಚ್ಚು ಕಡಿಮೆ ಒಂದೇ, ಆದ್ದರಿಂದ ಯುಪಿಎಸ್‌ನಲ್ಲಿ ನಿಮ್ಮನ್ನು ಮೊದಲು ತಡೆಯುವುದು ವಾಟ್ ಮಿತಿ. ಮನೆಬಳಕೆಯ ಲೈನ್ ಇಂಟರಾಕ್ಟಿವ್ ಯುಪಿಎಸ್‌ಗಳಲ್ಲಿ ವಾಟ್ ಎನ್ನುವುದು ಸಾಮಾನ್ಯವಾಗಿ ವಿಎಯ 60 ಶೇಕಡ. 600 ವಿಎ ಎಂದರೆ 360 ವಾಟ್ ಅಷ್ಟೆ. ಅದನ್ನೇ ಮೊದಲು ಕೊಂಡಿದ್ದೆ, ಆಟದ ನಡುವೆ ಕರೆಂಟ್ ಹೋದ ಮೊದಲ ಸಲವೇ ಉದ್ದನೆ ಬೀಪ್ ಹೊಡೆದು ಕೈಕೊಟ್ಟಿತು.

ಎರಡನೆಯದು 1000 ವಿಎ, 600 ವಾಟ್. ಅಂಕಿಯ ಪ್ರಕಾರ ಸಾಕಾಗಬೇಕಿತ್ತು. ಡೆಸ್ಕ್‌ಟಾಪ್ ತೆರೆದಿಟ್ಟು ಸ್ವಿಚ್ ಆರಿಸಿ ನೋಡಿದಾಗ ಏನೂ ಆಗಲಿಲ್ಲ. ಆಟದಲ್ಲಿ, ಕೇವಲ 380 ವಾಟ್‌ನಲ್ಲಿ, ಕರೆಂಟ್ ಹೋದ ಕೂಡಲೇ ಓವರ್‌ಲೋಡ್ ದೀಪ ಹತ್ತಿ ಪಿಸಿ ಆಫ್. ಅದರ ಔಟ್‌ಪುಟ್ ಶುದ್ಧ ಸೈನ್ ವೇವ್ ಅಲ್ಲ, ಮೆಟ್ಟಿಲು ಮೆಟ್ಟಿಲಾದ ಅಲೆ. ಪ್ರತಿ ಅರ್ಧ ಸುತ್ತಿನ ನಡುವೆ ವೋಲ್ಟೇಜ್ ಸ್ವಲ್ಪ ಹೊತ್ತು ಸೊನ್ನೆಯಲ್ಲೇ ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಆ ಜಿಗಿತದಲ್ಲಿ ಪಿಎಫ್‌ಸಿ ಸರ್ಕ್ಯೂಟ್ ದೊಡ್ಡ ಕರೆಂಟ್ ಎಳೆಯುತ್ತದೆ, ಯುಪಿಎಸ್ ಅದನ್ನು ಓವರ್‌ಲೋಡ್ ಎಂದು ಎಣಿಸುತ್ತದೆ. ಎಲ್ಲ ಎಸ್‌ಎಂಪಿಎಸ್‌ಗಳೂ ಹೀಗೆ ಆಡುವುದಿಲ್ಲ, ನನ್ನದು ಆಡಿತು. ಪ್ಯೂರ್ ಸೈನ್ ವೇವ್‌ಗೆ ಬದಲಿಸಿದ ಮೇಲೆ ಈ ಕಾಟ ಪೂರ್ತಿ ನಿಂತಿತು. ದುಡ್ಡು ಎಲ್ಲಾದರೂ ಹೆಚ್ಚು ಹಾಕುವುದಿದ್ದರೆ ಇಲ್ಲಿ ಹಾಕಿ, ವಿಎ ಏರಿಸುವುದರಲ್ಲಿ ಅಲ್ಲ.

ಪರೀಕ್ಷೆ ಮಾಡುವಾಗ ಪ್ಲಗ್ ಕೀಳಬೇಡಿ, ಗೋಡೆಯ ಸ್ವಿಚ್ ಆರಿಸಿ. ಪ್ಲಗ್ ಕಿತ್ತರೆ ಅರ್ಥಿಂಗ್ ಕೂಡ ಹೋಗುತ್ತದೆ. ಮತ್ತೆ ಪರೀಕ್ಷೆ ಯಾವಾಗಲೂ ಆಟ ಓಡುತ್ತಿರುವಾಗಲೇ ಆಗಬೇಕು. ಖಾಲಿ ಡೆಸ್ಕ್‌ಟಾಪ್‌ನಲ್ಲಿ ಎಲ್ಲ ಯುಪಿಎಸ್‌ಗಳೂ ಪಾಸಾಗುತ್ತವೆ.

ಇಷ್ಟು ವಾಟ್‌ನ ಮಾತಾಯಿತು. ಪದೇಪದೇ ಕರೆಂಟ್ ಹೋಗುವ ಕಡೆ ನಿಜವಾದ ಲೆಕ್ಕ ಬ್ಯಾಟರಿಯದ್ದು. ನನ್ನ ಯುಪಿಎಸ್‌ನಲ್ಲಿ 12 ವೋಲ್ಟ್, 9 ಎಎಚ್‌ನ ಎರಡು ಬ್ಯಾಟರಿಗಳಿವೆ. ಗುಣಿಸಿದರೆ 216 ವಾಟ್-ಅವರ್, ಆದರೆ ಅದು ನಿಧಾನವಾಗಿ, ಇಪ್ಪತ್ತು ಗಂಟೆ ಎಳೆದಾಗ ಸಿಗುವ ಅಂಕಿ. ಹದಿನೈದೇ ನಿಮಿಷದಲ್ಲಿ ಹಿಂಡಲು ಹೋದರೆ ಲೆಡ್ ಆ್ಯಸಿಡ್ ಬ್ಯಾಟರಿ ಅಷ್ಟು ಬಿಟ್ಟುಕೊಡುವುದಿಲ್ಲ, ಮೇಲೆ ಯುಪಿಎಸ್ ತಾನೂ ಒಂದಿಷ್ಟು ತಿನ್ನುತ್ತದೆ. ನಾನು 45 ಶೇಕಡ ಎಂದು ಹಿಡಿಯುತ್ತೇನೆ, ಅಂದರೆ 97 ವಾಟ್-ಅವರ್. 380 ವಾಟ್‌ನಲ್ಲಿ ಆಟ ಓಡಿಸಿ ಅಳೆದಾಗ ಹದಿಮೂರು, ಹದಿನಾಲ್ಕು ನಿಮಿಷಕ್ಕೆ ಬ್ಯಾಟರಿ ಮುಗಿಯಿತು. ಲೆಕ್ಕ ಹೆಚ್ಚು ಕಡಿಮೆ ಸರಿಯಾಗೇ ಇತ್ತು.

ಈಗ ಸಂಜೆಯೊಂದನ್ನು ಇಟ್ಟುಕೊಳ್ಳಿ: ಹದಿನೈದು ನಿಮಿಷದ ಮೂರು ಕಡಿತ, ನಡುವೆ ಒಂದೊಂದು ಗಂಟೆ ಕರೆಂಟ್. ಯುಪಿಎಸ್ ಚಾರ್ಜರ್ ಸಣ್ಣದು, ಖಾಲಿಯಾದ ಬ್ಯಾಟರಿ ತುಂಬಲು ಆರೆಂಟು ಗಂಟೆ ಬೇಕು. ಒಂದು ಗಂಟೆಯಲ್ಲಿ ನಮಗೆ ವಾಪಸ್ ಸಿಗುವುದು ಅಂದಾಜು 15 ವಾಟ್-ಅವರ್. ಮೊದಲ ಕಡಿತದಲ್ಲೇ 95 ಖರ್ಚು ಮಾಡಿದರೆ ಎರಡನೆಯದಕ್ಕೆ ಉಳಿಯುವುದು ಅಷ್ಟೇ, ಮೂರೇ ನಿಮಿಷದ ಆಟ. ಯುಪಿಎಸ್ ಕೊಂಡ ದಿನ ಭರ್ತಿ ಬ್ಯಾಟರಿಯಲ್ಲಿ ಪರೀಕ್ಷೆ ಮಾಡಿ ಖುಷಿಪಟ್ಟವರು ಮುಗ್ಗರಿಸುವುದು ಇಲ್ಲಿ. ಅಳತೆ ಆಗಬೇಕಾದ್ದು ಮೂರನೇ ಕಡಿತಕ್ಕೆ, ಅದೂ ಸವೆದು 80 ಶೇಕಡಕ್ಕೆ ಇಳಿದ ಬ್ಯಾಟರಿಗೆ. ಅಂದರೆ ನನ್ನ ಕೈಲಿ ನಿಜವಾಗಿ ಇರುವುದು 78 ವಾಟ್-ಅವರ್.

ಇಲ್ಲಿ ಎರಡು ದಾರಿ. ದೊಡ್ಡ ಯುಪಿಎಸ್ ಕೊಳ್ಳುವುದು ಒಂದು, ಅದಕ್ಕೆ ದುಡ್ಡು ಮೂರು ಪಟ್ಟಿನ ಹತ್ತಿರ, ಬ್ಯಾಟರಿ ಬದಲಿಸುವ ಪ್ರತಿ ಸಲವೂ ಅದೇ ಹೊರೆ. ಕರೆಂಟ್ ಹೋದ ಕೂಡಲೇ ಪಿಸಿಯ ಹಸಿವನ್ನೇ ಇಳಿಸುವುದು ಇನ್ನೊಂದು. ನಾನು ಹಿಡಿದದ್ದು ಎರಡನೆಯದು. ಬ್ಯಾಟರಿಗೆ ಹೋದ ತಕ್ಷಣ ಕಾರ್ಡ್ ಮಿತಿ 200ರಿಂದ 110 ವಾಟ್‌ಗೆ ಇಳಿಯುತ್ತದೆ, ಎಲ್ಲ ಸೇರಿ 250 ವಾಟ್ ಆಗುತ್ತದೆ. ಮೂರು ನಿಮಿಷದೊಳಗೆ ಕರೆಂಟ್ ಬಾರದಿದ್ದರೆ ಆಟವೇ ಹೆಪ್ಪುಗಟ್ಟಿ ನಿಲ್ಲುತ್ತದೆ, ಒಟ್ಟು 110 ವಾಟ್. ಮೊದಲ ಮೂರು ನಿಮಿಷಕ್ಕೆ ಹನ್ನೆರಡೂವರೆ, ಉಳಿದ ಹನ್ನೆರಡಕ್ಕೆ 22, ಒಂದು ಕಡಿತಕ್ಕೆ 34.5 ವಾಟ್-ಅವರ್. ಮೂರಕ್ಕೆ 103.5, ನಡುವೆ ವಾಪಸ್ ಬಂದ 30 ಕಳೆದರೆ 73.5. ಇರುವ 78ರೊಳಗೆ ಕೂತಿತು. ಇದೇ ಜಾಗದಲ್ಲಿ 7 ಎಎಚ್‌ನ ಜೋಡಿ ಇದ್ದಿದ್ದರೆ ಹೊಸದರಲ್ಲಿ ಕಷ್ಟಪಟ್ಟು ದಾಟಿಸುತ್ತಿತ್ತು, ಸವೆದ ಮೇಲೆ 60ರ ಸುತ್ತ ಇಳಿದು ಮೂರನೇ ಕಡಿತದ ಅರ್ಧದಲ್ಲೇ ಮುಗಿಯುತ್ತಿತ್ತು.

ಆಟದಲ್ಲಿ ಪಾಜ್ ಒತ್ತಿದರೆ ಸಾಲದೇ ಎಂದರೆ, ಸಾಲದು. ಮೀಟರ್ ನೋಡಿಯೇ ನನಗೂ ಗೊತ್ತಾದದ್ದು. ಪಾಜ್ ಮೆನುವಿನ ಹಿಂದೆ ಬಹಳಷ್ಟು ಆಟಗಳು ಅದೇ ದೃಶ್ಯವನ್ನು ಪೂರ್ತಿ ವೇಗದಲ್ಲಿ ಬಿಡಿಸುತ್ತಲೇ ಇರುತ್ತವೆ, ವಾಟ್ ಕದಲುವುದಿಲ್ಲ. ಪ್ರಕ್ರಿಯೆಯನ್ನೇ ತಡೆದು ನಿಲ್ಲಿಸಿದರೆ ಮಾತ್ರ ಮುಳ್ಳು ಕೆಳಗೆ ಬರುತ್ತದೆ. ಆನ್‌ಲೈನ್ ಆಟವಾದರೆ ಸರ್ವರ್ ಹೊರಗೆ ಹಾಕುತ್ತದೆ, ಅದಕ್ಕೆ ಈ ಎರಡನೇ ಹಂತ ಒಗ್ಗುವುದಿಲ್ಲ.

ನನ್ನದು ಲಿನಕ್ಸ್, ಯುಎಸ್‌ಬಿ ಕೇಬಲ್ ಮೇಲೆ ಯುಪಿಎಸ್ ಮೇಲೆ ಕಣ್ಣಿಡುವ NUT ತಂತ್ರಾಂಶ ಓಡುತ್ತದೆ. upssched.conf ನಲ್ಲಿ ಮುಖ್ಯವಾದ ಸಾಲುಗಳು ಇವು, ಉಳಿದವು ಅದರ ಮಾದರಿ ಫೈಲ್‌ನಲ್ಲೇ ಇವೆ:

```
AT ONBATT * EXECUTE low
AT ONBATT * START-TIMER freeze 180
AT ONLINE * CANCEL-TIMER freeze
AT ONLINE * EXECUTE normal
```

ಅದು ಕರೆಯುವ ಸ್ಕ್ರಿಪ್ಟ್:

```
#!/bin/sh
case "$1" in
  low)    sudo nvidia-smi -pl 110 ;;
  freeze) sudo pkill -STOP -x game.exe ;;
  normal) sudo nvidia-smi -pl 200
          sudo pkill -CONT -x game.exe ;;
esac
```

ನಿಮ್ಮ ಕಾರ್ಡ್ ಎಷ್ಟರವರೆಗೆ ಇಳಿಯಬಲ್ಲದು ಎಂಬುದನ್ನು `nvidia-smi -q -d POWER` ಕೊಟ್ಟು ನೋಡಿ, ಅಲ್ಲಿರುವ ಕನಿಷ್ಠಕ್ಕಿಂತ ಕೆಳಗಿನ ಅಂಕಿಯನ್ನು ಅದು ಒಪ್ಪುವುದಿಲ್ಲ. ಈ ಸ್ಕ್ರಿಪ್ಟ್ ನನ್ನನ್ನು ಕಾಡಿದ್ದು ಎರಡು ಕಡೆ. ಮೊದಲನೆಯದು, NUT ಇದನ್ನು ರೂಟ್ ಆಗಿ ಓಡಿಸುವುದಿಲ್ಲ. ಆ ಬಳಕೆದಾರನಿಗೆ ಈ ಎರಡು ಕಮಾಂಡ್‌ಗಳಿಗಷ್ಟೇ ಪಾಸ್‌ವರ್ಡ್ ಇಲ್ಲದ ಸುಡೊ ಕೊಡಬೇಕು, ಕೊಡದಿದ್ದರೆ ಪರದೆಯ ಮೇಲೆ ಸದ್ದೇ ಇಲ್ಲದೆ ಏನೂ ನಡೆಯುವುದಿಲ್ಲ. upsmon.conf ನಲ್ಲಿ NOTIFYCMD ಗೆ upssched ಕೊಟ್ಟು, ONBATT, ONLINE ಎರಡಕ್ಕೂ EXEC ಸೇರಿಸುವುದನ್ನೂ ಮರೆಯಬೇಡಿ. ಎರಡನೆಯದು, `-x` ಬದಲು `-f` ಹಾಕಿದ್ದೆ. ಆಗ ಸುಡೊ ಸಾಲಿನಲ್ಲೇ ಆಟದ ಹೆಸರು ಇರುವುದರಿಂದ ಸುಡೊ ಕೂಡ ಹೆಪ್ಪುಗಟ್ಟಿತು, ಹಾಗೇ ನಿಂತ ಪ್ರಕ್ರಿಯೆಗಳು ಒಂದರ ಮೇಲೊಂದು ಸೇರುತ್ತಾ ಹೋದವು. `-x` ಗೆ ಪ್ರಕ್ರಿಯೆಯ ಹೆಸರಿನ ಮೊದಲ ಹದಿನೈದು ಅಕ್ಷರ ಮಾತ್ರ ಕೊಡಿ.

110 ವಾಟ್‌ನಲ್ಲೂ ಆಟ ತಡವರಿಸದಂತೆ ಕಾರ್ಡ್‌ನ ವೋಲ್ಟೇಜ್ ಇಳಿಸಿದ್ದೇನೆ. ಅದರ ಅಂಕಿ ಇಲ್ಲಿ ಕೊಡುವುದಿಲ್ಲ, ಎರಡು ವಾರ ಕೂತು ಹುಡುಕಿದ್ದು, ನನ್ನ ಚಿಪ್‌ಗೆ ಹೊಂದಿದ್ದು.

ನಡುವೆ ಒಂದು ಅಡ್ಡದಾರಿಯನ್ನೂ ಹಿಡಿದಿದ್ದೆ. ಒಳಗಿನ ಬ್ಯಾಟರಿ ತೆಗೆದು ಹೊರಗೆ 26 ಎಎಚ್‌ನ ಜೋಡಿ ಕಟ್ಟಿದೆ. ಅರ್ಧ ಗಂಟೆ ದಾಟುವಷ್ಟರಲ್ಲಿ ಯುಪಿಎಸ್ ಒಳಗಿಂದ ಬಿಸಿ ವಾರ್ನಿಶ್ ವಾಸನೆ, ಮೇಲ್ಮೈ ಕೈ ಇಡಲಾಗದಷ್ಟು ಕಾದಿತ್ತು. ಆ ಟ್ರಾನ್ಸ್‌ಫಾರ್ಮರ್ ಮತ್ತು ಹೀಟ್ ಸಿಂಕ್ ಹತ್ತು ಹದಿನೈದು ನಿಮಿಷಕ್ಕೆಂದು ಮಾಡಿದವು. ಸಾಲದ್ದಕ್ಕೆ ಆ ಸಣ್ಣ ಚಾರ್ಜರ್ ದೊಡ್ಡ ಬ್ಯಾಟರಿಯನ್ನು ದಿನವಿಡೀ ತುಂಬಿದರೂ ಭರ್ತಿ ಮಾಡಲಿಲ್ಲ, ಅರೆಬರೆ ಚಾರ್ಜ್‌ನಲ್ಲೇ ಉಳಿದು ಸಲ್ಫೇಟ್ ಕಟ್ಟಿ ಜೋಡಿ ಹಾಳಾಯಿತು. ಆ ದುಡ್ಡೂ ಹೋಯಿತು. ಹೆಚ್ಚು ಹೊತ್ತು ಬೇಕಾದವರು ಹೊರಗೆ ಬ್ಯಾಟರಿ ಕಟ್ಟಲೆಂದೇ ಮಾಡಿದ ಯುಪಿಎಸ್ ತಗೊಳ್ಳಿ, ಇದಕ್ಕೆ ಕೈ ಹಾಕಬೇಡಿ.

ಈಗ ತಿಂಗಳಿಗೊಮ್ಮೆ ಒಂದು ಕೆಲಸ ಮಾಡುತ್ತೇನೆ. ಬ್ಯಾಟರಿ ಭರ್ತಿಯಾದ ಮೇಲೆ ಆಟ ಓಡಿಸಿ ಸ್ವಿಚ್ ಆರಿಸಿ, ಹದಿನೈದು ನಿಮಿಷ ಬಿಟ್ಟು `upsc ups battery.charge` ನೋಡುತ್ತೇನೆ. ಹೊಸದರಲ್ಲಿ 65ರ ಹತ್ತಿರ ನಿಲ್ಲುತ್ತಿತ್ತು. ಯುಪಿಎಸ್ ಹೇಳುವ ಶೇಕಡ ಅಷ್ಟು ನಿಖರವಲ್ಲ, ಆದರೆ ಅದೇ ಪರೀಕ್ಷೆ, ಅದೇ ಆಟ ಆದ್ದರಿಂದ ಇಳಿಕೆ ಕಾಣುತ್ತದೆ. ಅದು 55ಕ್ಕೆ ಬಂದ ತಿಂಗಳು ಎರಡೂ ಬ್ಯಾಟರಿಗಳನ್ನು ಒಟ್ಟಿಗೆ ಬದಲಿಸುತ್ತೇನೆ. ಒಂದನ್ನೇ ಬದಲಿಸಿದರೆ ಹಳೆಯದು ಬೇಗ ಸೋತು ಹೊಸದನ್ನೂ ಕೆಡಿಸುತ್ತದೆ.