ಅಧ್ಯಾಯ ಎಲ್ಲಿ ಕಡಿಯಬೇಕು?

ಓದುಗ ಪುಸ್ತಕ ಮುಚ್ಚಿಡುವುದು ಜಾಸ್ತಿ ಅಧ್ಯಾಯದ ಕೊನೆಯಲ್ಲೇ. ನಾವೂ ಅಲ್ಲಿ ನಮ್ಮ ಪಾತ್ರವನ್ನು ಮಲಗಿಸಿಬಿಡುತ್ತೇವೆ. ಪಾತ್ರ ಮಲಗಿದರೆ ಓದುಗನೂ ಮಲಗುತ್ತಾನೆ, ಅಲ್ವಾ?

ಕೋಲಾರದ ಒಂದು ಕಥೆ ಇಟ್ಟುಕೊಂಡು ನೋಡೋಣ. 2023ರ ಜುಲೈ. ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿದ್ದ ದಿನಗಳು. ಮುನಿರಾಜು ಎಪಿಎಂಸಿಯಿಂದ 400 ಬಾಕ್ಸ್ ಲೋಡ್ ಮಾಡಿ ಕಳಿಸಿದ್ದಾನೆ. ಲಾರಿ ಊರು ಮುಟ್ಟಿಲ್ಲ, ಡ್ರೈವರ್ ಫೋನ್ ಸ್ವಿಚ್ ಆಫ್. ರಾತ್ರಿ ಕೊನೆಗೂ ರಿಂಗ್ ಆಗುತ್ತದೆ. ಎತ್ತಿದವನು ಮುನಿರಾಜುವಿನ ತಮ್ಮ. ಇಬ್ಬರಿಗೂ ಜಗಳವಾಗುತ್ತದೆ. ಮುನಿರಾಜು ಊಟ ಬಿಟ್ಟು ಮಲಗುತ್ತಾನೆ. ಮೊದಲ ಕರಡಿನಲ್ಲಿ ಅಧ್ಯಾಯ ಮುಗಿಯುವುದು ಹೀಗೆ.

ಮೊದಲ ಕೆಲಸ, ಕೊನೆಯಿಂದ ಹಿಂದಕ್ಕೆ ಓದುತ್ತಾ ಬನ್ನಿ. ಹೊಸ ಪ್ರಶ್ನೆ ಹುಟ್ಟುವ ಸಾಲು ಸಿಕ್ಕಿದ ಕಡೆ ನಿಲ್ಲಿ. ಇಲ್ಲಿ ಅದು ಫೋನಿನ ಸಾಲು:

"ಹಲೋ, ಯಾರು?" ಅಂದದ್ದು ಡ್ರೈವರ್ ಅಲ್ಲ, ತಮ್ಮ.

ಅಲ್ಲಿಗೇ ಕಡಿಯಿರಿ. ಜಗಳ, ಊಟ, ನಿದ್ದೆ ಎಲ್ಲ ಮುಂದಕ್ಕೆ ಹೋಗಲಿ.

ಹೊಸಬರು ಎಡವುವುದು ಇಲ್ಲೇ. "ಆ ದನಿ ಕೇಳಿ ಮುನಿರಾಜು ಬೆಚ್ಚಿದ" ಎಂದು ಬರೆದು, ಯಾರ ದನಿ ಅಂತ ಮುಚ್ಚಿಡುತ್ತಾರೆ. ಮುನಿರಾಜುಗೆ ಗೊತ್ತಾಗಿದೆ, ನಾವು ಅವನ ತಲೆಯೊಳಗೇ ಕೂತಿದ್ದೇವೆ, ಆದರೂ ನಮಗೆ ಹೇಳುವುದಿಲ್ಲ. ಇದು ಸುಮ್ನೆ ಆಟ ಆಡಿಸಿದ ಹಾಗೆ. ಸುದ್ದಿಯನ್ನು ಕೊಟ್ಟುಬಿಡಿ, ಅದರಿಂದ ಏನಾಗುತ್ತದೆ ಅನ್ನುವುದನ್ನು ಮಾತ್ರ ಉಳಿಸಿಕೊಳ್ಳಿ. ತಮ್ಮನ ಹೆಸರು ಕೇಳಿದ ಮೇಲೇ ಓದುಗನಿಗೆ ಹೊಟ್ಟೆಯಲ್ಲಿ ಕಸಿವಿಸಿ ಶುರುವಾಗುವುದು.

ಆದರೆ ಅದಕ್ಕೆ ಬೀಜ ಮೊದಲೇ ಬಿದ್ದಿರಬೇಕು. ಎರಡು ಅಧ್ಯಾಯ ಹಿಂದೆ ತಮ್ಮ "ತಿರುಪತಿಗೆ ಹೋಗಿ ಬರ್ತೀನಿ ಅಣ್ಣಾ" ಅಂದಿರಲಿ. ಒಂದೇ ಸಾಲು ಸಾಕು. ಅದಿಲ್ಲದಿದ್ದರೆ ಫೋನ್ ಎತ್ತಿದವನು ತಮ್ಮನಾದರೇನು, ಬೇರೆಯವನಾದರೇನು?

ಉತ್ತರ ಮುಂದಿನ ಅಧ್ಯಾಯದಲ್ಲೇ ಕೊಡಬೇಕೆಂದಿಲ್ಲ. ನಡುವೆ ಮನೆಗೆ ಹೋಗಿ ಬರಬಹುದು. ಆದರೆ ಅಲ್ಲೂ ಅದೇ ಪ್ರಶ್ನೆ ಕುದಿಯುತ್ತಿರಬೇಕು: ಹೆಂಡತಿ ರತ್ನ ಅಟ್ಟ ಹತ್ತಿದಾಗ, ತಿರುಪತಿಗೆ ಹೋಗಿರಬೇಕಾದ ಮೈದುನನ ಬ್ಯಾಗು ಅಲ್ಲೇ ಇರುತ್ತದೆ. ಮೂರ್ನಾಲ್ಕು ಪುಟ ಸಾಕು. ಅದಕ್ಕಿಂತ ಎಳೆದರೆ ಓದುಗ ಪುಟ ಹಾರಿಸಿ ಫೋನಿನ ಕಡೆಗೇ ಹೋಗುತ್ತಾನೆ.

ಉತ್ತರ ಮಾತ್ರ ಟುಸ್ ಆಗಬಾರದು. ರಾಂಗ್ ನಂಬರ್, ಕನಸು, ಬಾಗಿಲು ತಟ್ಟಿದ್ದು ಬೆಕ್ಕು, ಇವನ್ನೆಲ್ಲ ಒಂದು ಸಲ ಮಾಡಿದರೂ ಮುಂದಿನ ಸಲ ನಿಜವಾದ ಅಪಾಯವನ್ನೂ ಯಾರೂ ನಂಬುವುದಿಲ್ಲ.

ಎಲ್ಲ ಅಧ್ಯಾಯಕ್ಕೂ ಫೋನ್ ರಿಂಗಾದರೆ ಅದೂ ಬೇಜಾರು. ಇಂಥ ಜೋರಾದ ಕೊನೆಯ ನಂತರದ್ದು ಮೆತ್ತಗಿರಲಿ. ರತ್ನ ಆ ಬ್ಯಾಗನ್ನು ಗಂಡನಿಗೆ ತೋರಿಸದೆ ಮತ್ತೆ ಅಟ್ಟಕ್ಕೇ ಇಡಲಿ. ಯಾರೂ ಕಿರುಚುವುದಿಲ್ಲ, ಆದರೂ ಪುಟ ತಿರುಗುತ್ತದೆ.

ಕರಡು ಮುಗಿದ ಮೇಲೆ ಪ್ರತಿ ಅಧ್ಯಾಯದ ಕೊನೆಯ ಎರಡು ಸಾಲು ಮಾತ್ರ ಒಂದು ಹಾಳೆಗೆ ಇಳಿಸಿ. ಪಕ್ಕದಲ್ಲಿ, ಓದುಗ ಈಗ ಏನು ಕೇಳುತ್ತಾನೆ ಅಂತ ಬರೆಯಿರಿ. ಬರೆಯಲು ಏನೂ ತೋಚದ ಕಡೆ ಪಾತ್ರ ಮಲಗಿದೆಯೇ ಅಂತ ನೋಡಿ. ಮಲಗಿದ್ದರೆ, ಅದಕ್ಕೆ ನಿದ್ದೆ ಬರುವ ಮೊದಲೇ ಕಡಿಯಿರಿ.