ರೀಫಂಡ್ ಬಂದಿಲ್ಲ ಅಂತ ದೂರು ಹಾಕುವ ಮುಂಚೆ ಸ್ಟೇಟಸ್ ಓದಿ: ನನ್ನ ಅನುಭವ

ದಾವಣಗೆರೆಯಲ್ಲಿ ಆದಾಯ ತೆರಿಗೆ ರಿಟರ್ನ್ ತುಂಬುವ ನಮ್ಮ ಬಳಗದಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ರೀಫಂಡ್ ತಡವಾದರೆ ಗ್ರೀವೆನ್ಸ್ ಹಾಕು, ಮತ್ತೆ ತಡವಾದರೆ ಇನ್ನೊಂದು ಹಾಕು, ಹಾಕ್ತಾ ಇದ್ದರೆ ಯಾವತ್ತೋ ಒಂದು ದಿನ ದುಡ್ಡು ಬರುತ್ತದೆ. ನಾನು ಈ ದಾರಿ ಬಿಟ್ಟು ಎರಡು ಮೂರು ವರ್ಷವಾಯಿತು. ಸ್ಟೇಟಸ್ ತೆಗೆದು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಮುಂದಿನ ಕೆಲಸ ಯಾರದು? ನಮ್ಮ ಪಾರ್ಟಿಯದಾದರೆ, ಅಂದರೆ ರಿಟರ್ನ್ ತುಂಬಿಸಲು ಬಂದವರದಾದರೆ, ದೂರು ಹಾಕುವುದಿಲ್ಲ. ಇಲಾಖೆಯದಾದರೂ ಅವರ ಗಡುವು ಇನ್ನೂ ಇದ್ದರೆ ಹಾಕುವುದಿಲ್ಲ. ನಮ್ಮ ಕಡೆಯ ಕೆಲಸ ಎಲ್ಲ ಮುಗಿದು, ಸಾಕಷ್ಟು ದಿನ ಕಾದು, ಆಮೇಲೆ ಒಂದೇ ಒಂದು ದೂರು.

"ಸುಮ್ನೆ ಕೂತರೆ ಯಾರು ಸರ್ ಕೊಡ್ತಾರೆ" ಅಂತ ಚೌಕಿಪೇಟೆಯ ಸ್ನೇಹಿತರೊಬ್ಬರು ನನಗೆ ಹೇಳದ ದಿನವಿಲ್ಲ. ಕಳೆದ ವರ್ಷ ಒಬ್ಬ ನಿವೃತ್ತ ಮೇಷ್ಟ್ರ ಫೈಲ್ ಮುಗಿದ ಮೇಲೆ ಆ ಸ್ನೇಹಿತರೇ ತಮ್ಮ ಎರಡು ಕೇಸ್ ತಂದು ನನ್ನ ಟೇಬಲ್ ಮೇಲೆ ಇಟ್ಟರು. ಆ ಫೈಲ್ ಕಥೆ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೇಷ್ಟ್ರು ಹರಿಹರದ ಕಡೆಯವರು. ಪಿಂಚಣಿ ವರ್ಷಕ್ಕೆ ಸುಮಾರು 3.8 ಲಕ್ಷ. ನಿವೃತ್ತಿಯ ದುಡ್ಡು, ಸೈಟ್ ಮಾರಿದ ದುಡ್ಡು ಎಲ್ಲ ಸೇರಿಸಿ ಎಫ್‌ಡಿ ಇಟ್ಟಿದ್ದರು. ಬಡ್ಡಿ 3.1 ಲಕ್ಷದ ಹತ್ತಿರ. ಬ್ಯಾಂಕ್ ಅದಕ್ಕೆ ಶೇ 10 ಟಿಡಿಎಸ್ ಹಿಡಿದಿತ್ತು, ಅಂದರೆ 31 ಸಾವಿರದಷ್ಟು. 2023-24ರ ಆದಾಯ, ಹೊಸ ಪದ್ಧತಿ. ಪಿಂಚಣಿಗೆ 50 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಆದಾಯ 6.4 ಲಕ್ಷಕ್ಕೆ ಇಳಿಯುತ್ತದೆ. ಅದು ಆ ವರ್ಷದ ಮಿತಿಯಾದ 7 ಲಕ್ಷದ ಒಳಗೇ ಇದ್ದುದರಿಂದ 87ಎ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ. ಹಿಡಿದ ಅಷ್ಟೂ ದುಡ್ಡು ವಾಪಸ್ ಬರಬೇಕು. 2024ರ ಜುಲೈಯಲ್ಲಿ ಅವರ ಮಗ ರಿಟರ್ನ್ ಹಾಕಿ, ಅವತ್ತೇ ಇ-ವೆರಿಫೈ ಮಾಡಿದ್ದ. ಸೆಪ್ಟೆಂಬರ್‌ನಲ್ಲಿ ರಿಟರ್ನ್ ಲೆಕ್ಕ ನೋಡಿ ಇಲಾಖೆ ಕಳಿಸುವ 143(1) ಇಂಟಿಮೇಷನ್ ಬಂತು. ಏಪ್ರಿಲ್‌ನಿಂದ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಸೇರಿ ಒಟ್ಟು 31,930 ರೂಪಾಯಿ ಅಂತ ಅದರಲ್ಲಿತ್ತು. ದುಡ್ಡು ಮಾತ್ರ ಬರಲಿಲ್ಲ.

ನನ್ನ ಹತ್ತಿರ ಬಂದಾಗ 2025ರ ಫೆಬ್ರವರಿ. ಅಷ್ಟೊತ್ತಿಗೆ ಮಗ ಮೂರ್ನಾಲ್ಕು ದೂರು ಹಾಕಿದ್ದ. ಎಲ್ಲದರಲ್ಲೂ ಅದೇ ಒಕ್ಕಣೆ: ಅಪ್ಪ ಹಿರಿಯ ನಾಗರಿಕರು, ರೀಫಂಡ್ ಬಂದಿಲ್ಲ, ದಯವಿಟ್ಟು ಕೊಡಿ. ಎಲ್ಲವೂ ಬೇಗ ಕ್ಲೋಸ್ ಆಗಿದ್ದವು. ಉತ್ತರಗಳನ್ನು ಅವನು ಪೂರ್ತಿ ಓದಿರಲಿಲ್ಲ. ರೀಫಂಡ್ ವಿಫಲವಾಗಿದೆ, ಖಾತೆ ವ್ಯಾಲಿಡೇಟ್ ಮಾಡಿ ಮರುಪಾವತಿಗೆ ಕೋರಿಕೆ ಹಾಕಿ ಅಂತ ಅದರಲ್ಲೇ ಬರೆದಿತ್ತು. ಅಂದರೆ ಮುಂದಿನ ಕೆಲಸ ಮೇಷ್ಟ್ರದು. ಎಷ್ಟು ದೂರು ಹಾಕಿದರೂ ಇದೇ ಉತ್ತರ ಬರುತ್ತಿತ್ತು.

ಇಲ್ಲಿ ಸ್ಟೇಟಸ್ ಓದುವ ವಿಷಯಕ್ಕೆ ಬರುತ್ತೇನೆ. ಇಲಾಖೆಯ ಪೋರ್ಟಲ್ ತೆರೆದು `View Filed Returns`ನಲ್ಲಿ `Processed with refund due` ಅಂತ ಕಂಡ ಕೂಡಲೇ ಪಾರ್ಟಿಗಳು ದುಡ್ಡು ಹೊರಟಿದೆ ಅಂದುಕೊಳ್ಳುತ್ತಾರೆ. ಅದರ ಅರ್ಥ ಲೆಕ್ಕ ಒಪ್ಪಿದೆ ಅಂತ ಮಾತ್ರ. ದುಡ್ಡು ಹೊರಟಿದೆಯಾ, ಹೋಗಿ ವಾಪಸ್ ಬಂದಿದೆಯಾ ಅನ್ನುವುದು ಬೇರೆ ಸಾಲು. ಆ ವರ್ಷದ `View Details` ತೆರೆದು ಕೆಳಗಿನ ತನಕ ನೋಡಬೇಕು. ಅಲ್ಲಿ ರೀಫಂಡ್ ಕೊಟ್ಟಾಗಿದೆ ಅಂತಿದ್ದರೆ ಪಾಸ್‌ಬುಕ್ ನೋಡಬೇಕು, ವಿಫಲ ಅಂತಿದ್ದರೆ ಖಾತೆ ನೋಡಬೇಕು. ಹಳೇ ಬಾಕಿಗೆ ಹೊಂದಿಸುತ್ತೇವೆ ಅಂತಿದ್ದರೆ ಅದು ಆದಾಯ ತೆರಿಗೆ ಕಾಯ್ದೆಯ 245ನೇ ಸೆಕ್ಷನ್ ವಿಷಯ. ಅದಕ್ಕೆ `Response to Outstanding Demand`ನಲ್ಲಿ ಉತ್ತರ ಕೊಡಬೇಕು, ನೋಟಿಸ್ ಬಂದ 21 ದಿನದ ಒಳಗೆ. ಗ್ರೀವೆನ್ಸ್‌ನಲ್ಲಿ ಜಗಳ ಮಾಡಿ ಪ್ರಯೋಜನವಿಲ್ಲ. ಹಾಗೇ ಇಂಟಿಮೇಷನ್‌ನಲ್ಲಿ ಟಿಡಿಎಸ್ ಕಡಿಮೆ ತಗೊಂಡಿದ್ದರೆ ಅದಕ್ಕೆ 154ರ ತಿದ್ದುಪಡಿ ಇದೆ.

ಮೇಷ್ಟ್ರ ಖಾತೆ ಯಾಕೆ ಬಿದ್ದಿತು ಅಂತ ನೋಡಲು `My Bank Account` ತೆರೆದೆ. ಹೆಸರು ಹೊಂದುತ್ತಿಲ್ಲ ಅಂತ ಬರೆದಿತ್ತು. ಪಾಸ್‌ಬುಕ್ ತರಿಸಿ ಪ್ಯಾನ್ ಕಾರ್ಡ್ ಪಕ್ಕ ಇಟ್ಟೆ. ಪಾಸ್‌ಬುಕ್‌ನಲ್ಲಿ ಒಂದು ಇನಿಷಿಯಲ್, ಚುಕ್ಕೆ, ಆಮೇಲೆ ಹೆಸರು. ಪ್ಯಾನ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಅವರ ತಂದೆಯ ಹೆಸರು ಪೂರ್ತಿ, ಅದೂ ಮುಂದೆ. ಹೆಸರಿನ ಕೊನೆಯ "ಪ್ಪ" ಒಂದು ಕಡೆ ಒಂದು `P`, ಇನ್ನೊಂದು ಕಡೆ ಎರಡು. ನಮ್ಮ ಜಿಲ್ಲೆಯ ಅರ್ಧಕ್ಕರ್ಧ ಹಿರಿಯರ ಹೆಸರು ಹೀಗೇ ಇದೆ, ನಿಮಗೂ ಗೊತ್ತಲ್ವಾ? ಇದಲ್ಲದೆ ಅವರ ಬ್ಯಾಂಕ್ ವಿಲೀನವಾಗಿ ಐಎಫ್‌ಎಸ್‌ಸಿ ಬದಲಾಗಿತ್ತು, ಪೋರ್ಟಲ್‌ನಲ್ಲಿ ಹಳೇ ಕೋಡೇ ಉಳಿದಿತ್ತು.

"ಸರ್, ಇಷ್ಟು ವರ್ಷ ಇದೇ ಹೆಸರಲ್ಲಿ ಪಿಂಚಣಿ ಬರ್ತಿದೆಯಲ್ಲ" ಅಂದರು ಮೇಷ್ಟ್ರು.

"ಪಿಂಚಣಿಗೆ ಪ್ಯಾನ್ ಜೊತೆ ಹೆಸರು ತಾಳೆ ನೋಡಲ್ಲ ಮೇಷ್ಟ್ರೇ, ಇಲ್ಲಿ ನೋಡ್ತಾರೆ" ಅಂದೆ.

ಪ್ಯಾನ್ ತಿದ್ದಿಸುವುದಾ, ಬ್ಯಾಂಕಲ್ಲಿ ತಿದ್ದಿಸುವುದಾ? ನಾನು ಯಾವಾಗಲೂ ಬ್ಯಾಂಕ್ ಕಡೆಯೇ ತಿದ್ದಿಸುತ್ತೇನೆ. ಪ್ಯಾನ್ ಮುಟ್ಟಿದರೆ ಆಧಾರ್ ಜೊತೆಗಿನ ಹೊಂದಾಣಿಕೆಯನ್ನೂ ನೋಡಬೇಕಾಗುತ್ತದೆ, ಕೆಲಸ ಬೆಳೆಯುತ್ತದೆ. ಕೆವೈಸಿ ಫಾರ್ಮ್, ಪ್ಯಾನ್ ನಕಲು, ಹೆಸರು ಪ್ಯಾನ್‌ನಲ್ಲಿ ಇದ್ದಂತೆ ಮಾಡಿ ಅಂತ ಒಂದು ಅರ್ಜಿ. ಮೊದಲ ಸಲ ಶಾಖೆಯಲ್ಲಿ ಪಾಸ್‌ಬುಕ್ ಮುಖಪುಟದಲ್ಲಷ್ಟೇ ಬದಲಾಯಿಸಿ ಕೊಟ್ಟರು, ಕಂಪ್ಯೂಟರ್‌ನಲ್ಲಿ ಹಳೇದೇ ಇತ್ತು. ವ್ಯಾಲಿಡೇಷನ್ ಮತ್ತೆ ಬಿತ್ತು. ಮತ್ತೆ ಹೋಗಿ, ಪ್ಯಾನ್ ನಂಬರ್ ಖಾತೆಗೆ ಜೋಡಣೆಯಾಗಿದೆಯಾ ಅನ್ನುವುದನ್ನೂ ಸ್ಕ್ರೀನ್ ಮೇಲೆ ತೋರಿಸಿ ಅಂತ ಕೇಳಿಕೊಂಡೆವು. ಇದಕ್ಕೇ ಎರಡು ಮೂರು ವಾರ ಹೋಯಿತು. ಬ್ಯಾಂಕಲ್ಲಿ ಬದಲಾದ ಮೇಲೆ `Revalidate` ಯಾವಾಗ ಒತ್ತಬೇಕು ಅನ್ನುವುದರಲ್ಲಿ ನನ್ನದೊಂದು ಲೆಕ್ಕವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅವಸರ ಮಾಡಬೇಡಿ ಅಂತಷ್ಟೇ ಹೇಳುತ್ತೇನೆ.

ಖಾತೆ `Validated` ಆಯಿತು. ಆ ಖಾತೆಯನ್ನು ರೀಫಂಡ್‌ಗೆ ನಾಮಿನೇಟ್ ಮಾಡಿ, `Services` ಒಳಗೆ `Refund Reissue` ಕೋರಿಕೆ ಹಾಕಿ, ಆಧಾರ್ ಓಟಿಪಿಯಲ್ಲಿ ವೆರಿಫೈ ಮಾಡಿದೆ. ಕೊನೆಯ ಈ ವೆರಿಫೈ ಬಿಟ್ಟು ಹೊರಬರುವವರು ಜಾಸ್ತಿ. ಅದಾಗದಿದ್ದರೆ ಕೋರಿಕೆ ಕೊಟ್ಟಂತೆಯೇ ಅಲ್ಲ. ಆಗ ಮಾರ್ಚ್ ಮಧ್ಯಭಾಗ.

ಏಪ್ರಿಲ್ ಕಳೆಯಿತು, ಬರಲಿಲ್ಲ. ಮೇಷ್ಟ್ರ ಮಗ ದಿನಾ ಫೋನ್ ಮಾಡುತ್ತಿದ್ದ. ನಾಲ್ಕೈದು ವಾರ ಅನ್ನುವುದು ಮಾಮೂಲಿ ಅವಧಿ, ನಾನು ಅದರ ಮೇಲೂ ಸ್ವಲ್ಪ ಬಿಟ್ಟೆ. ಮೇ ಮಧ್ಯಕ್ಕೆ ನಮ್ಮ ಕಡೆ ಮಾಡುವುದು ಏನೂ ಉಳಿದಿರಲಿಲ್ಲ. ಲೆಕ್ಕ ಒಪ್ಪಿದೆ, ಬಾಕಿ ಡಿಮ್ಯಾಂಡ್ ಇಲ್ಲ, ಪ್ಯಾನ್-ಆಧಾರ್ ಜೋಡಣೆ ಇದೆ, ಖಾತೆ ಸರಿಯಿದೆ, ಕೋರಿಕೆ ವೆರಿಫೈ ಆಗಿದೆ, ಮಾಮೂಲಿ ಅವಧಿ ದಾಟಿದೆ. ನ್ಯಾಯವಾದ ದೂರು ಅಂದರೆ ಇದು. `Submit Grievance`ನಲ್ಲಿ ರಿಟರ್ನ್ ಪ್ರೊಸೆಸ್ ಮಾಡುವ ಕೇಂದ್ರವಾದ `CPC-ITR` ಆಯ್ದು ಏಳೆಂಟು ಸಾಲು ಬರೆದೆ. ವಯಸ್ಸು, ಕಷ್ಟ, ದಯವಿಟ್ಟು ಇದ್ಯಾವುದೂ ಇಲ್ಲ. ಅಕ್ನಾಲೆಜ್‌ಮೆಂಟ್ ನಂಬರ್, ಇಂಟಿಮೇಷನ್ ತಾರೀಖು, ಮೊತ್ತ, ವಿಫಲವಾದ ಕಾರಣ, ಅದನ್ನು ಸರಿಮಾಡಿದ ತಾರೀಖು, ಮರುಪಾವತಿ ಕೋರಿಕೆಯ ನಂಬರ್. ಜೊತೆಗೆ ಹಿಂದಿನ ದೂರಿಗೆ ಬಂದ ಉತ್ತರದಲ್ಲಿ ಹೇಳಿದ್ದನ್ನು ಮಾಡಿದ್ದೇವೆ ಅಂತ ಆ ದೂರಿನ ನಂಬರ್. ಖಾತೆ `Validated` ಅನ್ನುವ ಸ್ಕ್ರೀನ್‌ಶಾಟ್ ಲಗತ್ತಿಸಿದೆ. ಮೊದಲ ಸಾಲು ಹೇಗಿರಬೇಕು ಅನ್ನುವುದು ನನ್ನ ಕಸುಬಿನ ಗುಟ್ಟು, ಅದು ನನ್ನ ಹತ್ತಿರವೇ ಇರಲಿ. ಎರಡು ವಾರದ ಆಸುಪಾಸಿನಲ್ಲಿ ದುಡ್ಡು ಖಾತೆಗೆ ಬಂತು. ಒಂದೇ ದೂರು!

ಇದೇ ಹೊತ್ತಿನಲ್ಲಿ ಬೇರೆ ಫೈಲ್‌ಗಳಲ್ಲಿ ಒಂದೆರಡು ಪ್ರಯೋಗ ಮಾಡಿದ್ದೆ. ಒಂದರಲ್ಲಿ ಪೋರ್ಟಲ್ ಜೊತೆಗೆ ಕೇಂದ್ರ ಸರ್ಕಾರದ ದೂರು ಪೋರ್ಟಲ್ `CPGRAMS`ನಲ್ಲೂ ಹಾಕಿದೆ. ಸುತ್ತಿ ಬಳಸಿ ಅದೇ ಕಡೆ ಹೋಗಿ ಅದೇ ಉತ್ತರ ಬಂತು. ಪೋರ್ಟಲ್ ದೂರು ಸರಿಯಾದ ಉತ್ತರವಿಲ್ಲದೆ ಮುಚ್ಚಿದರೆ ಮಾತ್ರ ಈಗ ಅಲ್ಲಿಗೆ ಹೋಗುತ್ತೇನೆ. ಇನ್ನೊಂದು, ಪ್ರತಿ ರಿಟರ್ನಿಗೂ ಮೂರು ತಾರೀಖು ಬರೆದಿಡುವ ಎಕ್ಸೆಲ್: ವೆರಿಫೈ, ಪ್ರೊಸೆಸ್, ಜಮಾ. ಐಟಿಆರ್-1 ಸಂಬಳದವರದು ಹೆಚ್ಚಾಗಿ ಕೆಲವೇ ವಾರ, ಐಟಿಆರ್-3 ವ್ಯಾಪಾರಿಗಳದು ತಿಂಗಳುಗಟ್ಟಲೆ. ಮೆಕ್ಕೆಜೋಳದ ವ್ಯಾಪಾರಿಯೊಬ್ಬರದು ಹತ್ತು ತಿಂಗಳಾದರೂ `Under Processing` ಅಂತಲೇ ಇತ್ತು. ಅವರು ನನ್ನ ಮಾತು ಕೇಳದೆ ಬೇರೆಯವರ ಹತ್ತಿರ ದೂರು ಹಾಕಿಸಿದರು. ಕಾನೂನಿನ ಗಡುವು ಇನ್ನೂ ಇದೆ ಅಂತ ಉತ್ತರ ಬಂತು. ಸರಿಯಾದ ಉತ್ತರವೇ. ರಿಟರ್ನ್ ಹಾಕಿದ ಹಣಕಾಸು ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳು ಸಮಯವಿದೆ. 2024ರ ಜುಲೈಯಲ್ಲಿ ಹಾಕಿದ್ದಕ್ಕೆ 2025ರ ಡಿಸೆಂಬರ್ 31 ಗಡುವು. ಅದು ದಾಟಿದರೆ ಮಾತ್ರ `Under Processing` ಮೇಲಿನ ದೂರಿಗೆ ಬಲ ಬರುತ್ತದೆ. ಅಲ್ಲಿಯ ತನಕ ಇ-ಮೇಲ್ ನೋಡಿಕೊಳ್ಳಿ. ರಿಟರ್ನಿನ ಲೆಕ್ಕ ಬದಲಿಸುವ 143(1)(ಎ) ಪ್ರಸ್ತಾವ ಬಂದು ಕೂತಿದ್ದರೆ ಉತ್ತರ ಕೊಡುವ 30 ದಿನ ಸುಮ್ನೆ ಕಳೆದುಹೋಗುತ್ತದೆ.

ದುಡ್ಡಿನ ಮಾತು. ದೂರಿನ ಫೀಸು ಅಂತ ಪಾರ್ಟಿಗಳು ಕೊಡುವುದಿಲ್ಲ, ರಿಟರ್ನ್ ಫೀಸಲ್ಲೇ ಬಂತಲ್ಲ ಅನ್ನುತ್ತಾರೆ. ಮೇಷ್ಟ್ರ ಫೈಲ್‌ಗೆ ನಾನು ಏಳೆಂಟು ನೂರು ತಗೊಂಡೆ. ಬ್ಯಾಂಕಿಗೆ ಓಡಾಡಿದ ನಮ್ಮ ಹುಡುಗನ ಪೆಟ್ರೋಲ್, ಕೂತ ಸಮಯ ಲೆಕ್ಕ ಹಾಕಿದರೆ ಏನೂ ಉಳಿಯಲಿಲ್ಲ. ಈಗ ರಿಟರ್ನ್ ತುಂಬುವಾಗಲೇ ಖಾತೆಯ ಹೆಸರು ಪ್ಯಾನ್ ಜೊತೆ ತಾಳೆ ನೋಡುತ್ತೇನೆ. ಇಂಥ ಫೈಲ್ ಅರ್ಧಕ್ಕಿಂತ ಕಡಿಮೆಯಾಗಿದೆ.

ದುಡ್ಡು ಬಂದ ಮೇಲೆ ಮಗ ಇನ್ನೊಂದು ಕೇಳಿದ. ಸೆಪ್ಟೆಂಬರ್‌ನಿಂದ ಮೇ ತನಕ ತಡವಾಯಿತಲ್ಲ, ತಿಂಗಳಿಗೆ 155ರಂತೆ ಬಡ್ಡಿ ಕೇಳಿ ದೂರು ಹಾಕೋಣವಾ ಅಂತ. ಬೇಡ ಅಂದೆ. ತೆರಿಗೆದಾರರ ಕಾರಣಕ್ಕೆ ಆದ ತಡವನ್ನು 244ಎ(2) ಬಡ್ಡಿಯಿಂದ ಹೊರಗಿಡುತ್ತದೆ, ಇಲ್ಲಿ ಖಾತೆಯ ಹೆಸರು ನಮ್ಮ ಕಡೆಯದು. ಬಂದಿರುವ 930 ರೂಪಾಯಿ ಬಡ್ಡಿಯನ್ನು ಮಾತ್ರ 2025-26ರ ಇತರೆ ಆದಾಯಕ್ಕೆ ಸೇರಿಸಲು ಅವರ ಫೈಲ್ ಮೇಲೆ ಕೆಂಪು ಪೆನ್ನಲ್ಲಿ ಬರೆದಿಟ್ಟೆ.