ಗರ್ಭಿಣಿಯರ ಪೋಷಣೆಯ ಭಾಷಣದಿಂದ ಪೋಸ್ಟರ್: ಎಡವಿದ್ದೆಲ್ಲಿ, ಸರಿಯಾದದ್ದು ಹೇಗೆ

ಆರೋಗ್ಯ ಕಾರ್ಯಕರ್ತೆಯ ಧ್ವನಿಮುದ್ರಣವನ್ನು ಸಂಕ್ಷೇಪಿಸಿದಾಗ ಮೊದಲ ಕರಡಿನಲ್ಲಿ ಬಂದ ಸಾಲು ಇದು: ‘ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ದಿನವೂ ನುಂಗಿ.’ ತಪ್ಪೇನಿಲ್ಲ ಅನಿಸುತ್ತದೆ. ಆದರೆ ಓದಿದವರು ಎರಡನ್ನೂ ಒಟ್ಟಿಗೇ ನುಂಗುತ್ತಾರೆ. ಕ್ಯಾಲ್ಸಿಯಂ ಜೊತೆಗಿದ್ದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಚಹಾ, ಕಾಫಿಯದೂ ಅದೇ ಕಥೆ. ಭಾಷಣದಲ್ಲಿ ಈ ಎಚ್ಚರಿಕೆ ಇತ್ತು, ಆದರೆ ಹತ್ತು ನಿಮಿಷ ತಡವಾಗಿ, ಯಾರದೋ ಪ್ರಶ್ನೆಗೆ ಉತ್ತರವಾಗಿ.

ಹಾಗಾಗಿ ಕೇಳಿದ ಕ್ರಮದಲ್ಲಿ ಬರೆಯುವುದನ್ನು ಬಿಟ್ಟು, ಒಂದೊಂದು ವಿಷಯಕ್ಕೂ ಒಂದೊಂದು ಚೀಟಿ ಮಾಡಿದೆ. ಏನು, ಯಾವಾಗ, ಯಾವುದರ ಜೊತೆ ಬೇಡ, ಧ್ವನಿಮುದ್ರಣದ ಎಷ್ಟನೇ ನಿಮಿಷ, ಇಷ್ಟೇ. ಪ್ರಶ್ನೋತ್ತರ ಭಾಗವನ್ನು ಎರಡು ಸಲ ಕೇಳಬೇಕು. ಅಸಲು ಸರಕು ಅಲ್ಲೇ ಇರುತ್ತದೆ.

ಪೋಸ್ಟರಿಗೆ ಹೋದದ್ದು:

‘ಕಬ್ಬಿಣದ ಮಾತ್ರೆ ಒಂದು ಹೊತ್ತು, ಕ್ಯಾಲ್ಸಿಯಂ ಇನ್ನೊಂದು ಹೊತ್ತು.
ಮಾತ್ರೆಯ ಜೊತೆ ಚಹಾ, ಕಾಫಿ ಬೇಡ.
ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾದರೆ ಹೆದರಬೇಡಿ, ಮಾತ್ರೆ ಬಿಡಬೇಡಿ.’

ಮೂರನೆಯದನ್ನು ಕೈಬಿಡಬಾರದು, ಆ ಬಣ್ಣಕ್ಕೆ ಹೆದರಿ ಮಾತ್ರೆ ನಿಲ್ಲಿಸುವವರಿದ್ದಾರೆ. ಮಿಲಿಗ್ರಾಂ ಲೆಕ್ಕ ಹಾಕಲಿಲ್ಲ. ರಕ್ತಹೀನತೆ ಇದ್ದವರಿಗೆ ಪ್ರಮಾಣವೇ ಬೇರೆ, ಅದನ್ನು ಪರೀಕ್ಷಿಸಿದವರೇ ಹೇಳಬೇಕು.

ಅಚ್ಚಿಗೆ ಮೊದಲು ಕರಡನ್ನು ಕಾರ್ಯಕರ್ತೆಗೂ ಒಬ್ಬ ಗರ್ಭಿಣಿಗೂ ಓದಿ ಹೇಳಿ. ‘ಅರ್ಥವಾಯಿತಾ’ ಎಂದು ಕೇಳಬೇಡಿ, ‘ನಾಳೆ ಯಾವ ಮಾತ್ರೆ ಯಾವಾಗ ತಗೋತೀರಿ’ ಎಂದು ಕೇಳಿ.